ಏಣಿ ಹಿಡಿದು ಕಲಿತ ಒಂಟಿ ಕಾಲು

ಬಣ್ಣ ಬಳಿಯುವವನ ಬಡಾಯಿ ಮೂರು ಮಹಡಿ ಎತ್ತರ. ಪಾದ ಮಾತ್ರ, ಹಳೇ ಉಳುಕುಗಳಿಂದ ಸಡಿಲವಾಗಿ, ಸಮನೆಲದಲ್ಲೂ ಹೊರಳುತ್ತಿತ್ತು. ಏಣಿಯಿಂದ ಬಿದ್ದರೆ ಕಸುಬೇ ಹೋದಂತೆ. ಫಿಸಿಯೋಥೆರಪಿಯವರು ಮೂರು ತಿಂಗಳು ದಿನವೂ ಏನೂ ಹಿಡಿಯದೆ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದ್ದರು. ಈ ಮಹಾಶೂರ ಮೂರು ತಿಂಗಳೂ ಏಣಿ ಹಿಡಿದೇ ನಿಂತ.

"ಸಮತೋಲನ ಕಲಿತಿದ್ದು ಏಣಿ, ನೀವಲ್ಲ," ಎಂದಳು ಹೆಂಡತಿ.

"ಸುಮ್ನಿರೇ! ಆಪರೇಷನ್ ಮಾಡಿಸ್ಕೊಂಡ್ರೆ ಮುಗೀತು."

ಮೂಳೆ ಡಾಕ್ಟರು ಪಾದ ಅಲುಗಾಡಿಸಿ ನೋಡಿ, ಹೆಂಡತಿ ಹೇಳಿದ ಏಣಿಯ ಕಥೆ ಕೇಳಿ ನಕ್ಕರು. "ಕೀಲು ಹಿಡಿದಿರೋ ಸಡಿಲವಾದ ನಾರು ಬಿಗಿ ಮಾಡ್ಬಹುದು. ಆದ್ರೆ ಆಮೇಲೂ ಇದೇ ಒಂಟಿ ಕಾಲಿನ ಕಸರತ್ತು ತಪ್ಪಲ್ಲ. ಮೊದ್ಲು ಕೈ ಬಿಟ್ಟು ಮೂರು ತಿಂಗಳು ಮಾಡಿ. ಆಗ್ಲೂ ಹೊರಳಿದ್ರೆ ಆಪರೇಷನ್ ನೋಡೋಣ."

ಮನೆಗೆ ಬಂದವನೇ ಏಣಿಗೆ ಕೈ ಹಾಕಿದ. ಹೆಂಡತಿ ಅದನ್ನು ಹಿತ್ತಲಿಗೆಳೆದು ಬಾಗಿಲು ಜಡಿದಳು. "ನಿಲ್ಲಿ ಈಗ, ಕೊಕ್ಕರೆ ಮಹಾರಾಯರೇ."

ಗೋಡೆಯ ಪಕ್ಕ, ಅದನ್ನು ಮುಟ್ಟದೆ, ಅವನು ಬೈಯುತ್ತಲೇ ಕಾಲೆತ್ತಿದ.