ಬಾಯಿಗೆ ಬಾರದ ಖಾತೆ

ಸಿಂದಗಿಯ ನಮ್ಮ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ನಾನು ಕೂತು ಬಹಳ ವರ್ಷವಾಯಿತು. ಓದು ನನಗೆ ಅಷ್ಟಕ್ಕಷ್ಟೆ. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಸಾಲ ಕೊಟ್ಟಿದ್ದನ್ನು ಬರೆಯುವ ಉದ್ರಿ ಪುಸ್ತಕದಲ್ಲಿ ಪ್ರತಿ ಗಿರಾಕಿಯ ಪುಟದ ಮೇಲೆ ಒಂದು ಚಿತ್ರ ಬರೆದಿಟ್ಟುಕೊಂಡಿದ್ದೆ: ಒಬ್ಬನಿಗೆ ಮೀಸೆ, ಒಬ್ಬನಿಗೆ ಎಮ್ಮೆಯ ಕೋಡು. ಸೊಸೆಗೆ ಅದು ಮನಸ್ಸಿಗೆ ಬರುತ್ತಿರಲಿಲ್ಲ.

ಅವಳು ಫೋನಿಗೆ ಮೊದಲು ಒಂದು ದೊಡ್ಡ ಆ್ಯಪ್ ತಂದಳು. ಅದರಲ್ಲಿ ಬಿಲ್ಲು, ಸ್ಟಾಕು, ಜಿಎಸ್‌ಟಿ ಎಲ್ಲ ಇತ್ತು. ಒಂದು ಕಡ್ಡಿಪೆಟ್ಟಿಗೆ ಮಾರಬೇಕಾದರೂ ಮಾಲಿನ ಪಟ್ಟಿ ಹುಡುಕಬೇಕು. ಅಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಯಲ್ಲಿ ಬೀಡಿ ಹಚ್ಚಿರುತ್ತಾನೆ. ನಾನು ಬೇಡವೆಂದೆ. ಎರಡನೆಯದು ಸಣ್ಣದು. ಕೊಟ್ಟಿದ್ದಕ್ಕೆ ಕೆಂಪು ಗುಂಡಿ, ಬಂದಿದ್ದಕ್ಕೆ ಹಸಿರು. ಬರೆದ ಕೂಡಲೇ ಗಿರಾಕಿಗೂ ಮೆಸೇಜು. ಇದು ನನಗೆ ಹಿಡಿಸಿತು.

ಹಳೆಯ ಪುಸ್ತಕವನ್ನೆಲ್ಲ ಒಮ್ಮೆಗೇ ಫೋನಿಗೆ ಸುರಿಯಲಿಲ್ಲ. ಗಿರಾಕಿ ಬಂದಾಗ ಅವನ ಎದುರಿಗೇ ಬಾಕಿ ಕೂಡಿಸಿ, ಅವನು ಹೂಂ ಅಂದ ಮೇಲೆ ಆ ಒಂದು ಮೊತ್ತವನ್ನಷ್ಟೆ ಅವನ ನಂಬರಿನ ಜೊತೆ ಫೋನಿಗೆ ಏರಿಸಿ, ಹಳೆಯ ಪುಟಕ್ಕೆ ಅಡ್ಡಗೆರೆ ಎಳೆಯುತ್ತಿದ್ದೆವು. ಸ್ವಲ್ಪ ದಿನ ಎರಡರಲ್ಲೂ ಬರೆದು ಸಂಜೆ ತಾಳೆ ನೋಡಿದೆವು. ಆಮೇಲೆ ಸೊಸೆ ಕರಾರು ಹಾಕಿದಳು.

"ಅತ್ತಿ, ಸಂತಿ ದಿನ ನೀವೊಬ್ರ ಫೋನ್‌ದಾಗ ಬರೀರಿ. ನಾ ಕೈ ಹಚ್ಚೂದಿಲ್ಲ. ತಪ್ಪಿದ್ರ ಗಲ್ಲಾದಾಗ ನಾ ಕುಂಡ್ರತೇನಿ."

"ಕುಂಡ್ರಾಕ ಭಾಳ ಅವಸರ ಐತೇನ ನಿನಗ?" ಎಂದೆ. ಗಲ್ಲಾ ಹೋದರೆ ನನ್ನ ಪಾಲಿಗೆ ಉಳಿಯುವುದು ಕಾಳು ಹಸನು ಮಾಡುವ ಕೆಲಸ.

ಗಿರಾಕಿಯನ್ನು ಹುಡುಕಲು ಅವಳು ಕಲಿಸಿದ್ದು ಮೈಕು. ಒತ್ತಿ ಹೆಸರು ಹೇಳಿದರೆ ಖಾತೆ ತೆರೆಯುತ್ತದೆ. ಇಲ್ಲೇ ಸಿಕ್ಕಿಬಿದ್ದೆ. ನನ್ನ ಗಂಡನಿಗೆ ಪಕ್ಕದ ಬಾಗೇವಾಡಿಯ ದೇವರ ಹೆಸರು. ನಮ್ಮ ಸೀಮೆಯಲ್ಲಿ ಓಣಿಗೆ ನಾಲ್ಕು ಜನಕ್ಕೆ ಅದೇ ಹೆಸರು. ಮದುವೆಯಾದಂದಿನಿಂದ ಆ ಹೆಸರು ನನ್ನ ಬಾಯಿಂದ ಹೊರಬಿದ್ದಿಲ್ಲ. ಫೋನಿಗೋಸ್ಕರ ಹೇಳುವುದೂ ಇಲ್ಲ.

ಸಂತೆಯ ದಿನ ಬೆಳಿಗ್ಗೆಯೇ ಆ ಹೆಸರಿನವನೊಬ್ಬ ಬಂದ. "ಆಯಿ, ಸಕ್ಕರಿ ಕೊಡ್ರಿ, ಬರಕೋರಿ."

ಫೋನನ್ನು ಅವನ ಬಾಯಿಗೆ ಹಿಡಿದೆ. "ನಿನ್ನ ಹೆಸರ ನೀನ ಹೇಳ."

ಅವನು ನಾಚಿ ಮೆಲ್ಲಗೆ ಅಂದ. ಫೋನಿಗೆ ಕೇಳಲಿಲ್ಲ. "ಗಟ್ಟಿ ಹೇಳೋ, ಉದ್ರಿ ಕೇಳೂವಾಗ ಹಿಂಗ ಇರಲಿಲ್ಲಲ್ಲ!" ಎಂದೆ. ಅವನು ಕೂಗಿದ, ಪಟ್ಟಿಯಲ್ಲಿ ಬಂದ ನಾಲ್ಕು ಹೆಸರಿನಲ್ಲಿ ತನ್ನದಕ್ಕೆ ಬೆರಳಿಟ್ಟ. ಉದ್ರಿ ಯಾರದೆಂದು ಸಂತೆಗೆಲ್ಲ ಗೊತ್ತಾಯಿತು. ಹಿಂದೆ ನಿಂತಿದ್ದ ಇನ್ನೊಬ್ಬ ಅದೇ ಹೆಸರಿನವನು ಸುಮ್ಮನೆ ರೊಕ್ಕ ತೆಗೆದುಕೊಟ್ಟ.

ಹೊರಗೆ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದ ಸಲ ಅಂದ ಬಿಡ. ನನಗೂ ಕೇಳೂ ಆಸೆ ಐತಿ."

"ನೀವು ಬಾಯಾಗಿನ ತಂಬಾಕ ಉಗಳ್ರಿ ಮೊದಲ."

ಮಧ್ಯಾಹ್ನ ಮೀಸೆಯ ಪುಟದವನ ಹೆಂಡತಿ ಎಣ್ಣೆ, ಬೆಲ್ಲ ತೂಗಿಸಿಕೊಂಡು, "ನಮ್ಮವರ ಹೆಸರಿಗೆ ಬರಕೋರಿ ಆಯಿ" ಎಂದಳು. ಅವಳ ಗಂಡನಿಗೂ ಅದೇ ಹೆಸರು. ಫೋನು ಹಿಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯ, ನಾ ಹೆಂಗ ಹೇಳ್ಲಿರಿ? ನೀವ ಹೇಳ್ರಿ."

"ನಾ ಹೆಂಗ ಹೇಳ್ಲೇ? ನನ್ನ ಗಂಡಂದೂ ಅದ!"

ಇಬ್ಬರೂ ಫೋನು ನೋಡುತ್ತ ನಿಂತೆವು. ಮೈಕು ಕಾದು ಕಾದು ತಾನೇ ಆರಿತು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಸೊಸೆ ಕೈಕಟ್ಟಿ ನಿಂತು ತುಟಿ ಕಚ್ಚಿ ನಗುತ್ತಿದ್ದಳು. ನನ್ನ ಗಂಡ ಕಟ್ಟೆಯಿಂದ ಎದ್ದು ಅಂಗಿ ಸರಿಮಾಡಿಕೊಂಡ. ತನ್ನ ಹೆಸರನ್ನು ತಾನೇ ಬಂದು ಹೇಳಿ ನನ್ನ ಮೇಲೆ ಜನ್ಮವಿಡೀ ಋಣ ಹೊರಿಸುವವನು!

ಅಷ್ಟರಲ್ಲಿ ಆ ಹೆಣ್ಣುಮಗಳು, "ಅವರ ನಂಬರ್ ಹೇಳ್ಲೇನ್ರಿ? ಅದು ಬಾಯಾಗ ಐತಿ" ಎಂದಳು.

ನಂಬರು! ಅಂಕಿ ನನ್ನ ಕೈಯದು. ಅವಳು ಹೇಳುತ್ತ ಹೋದಳು, ನಾನು ಹುಡುಕುವ ಜಾಗದಲ್ಲಿ ಒತ್ತುತ್ತ ಹೋದೆ. ಪೂರ್ತಿ ಹೇಳುವ ಮೊದಲೇ ಉಳಿದ ಹೆಸರುಗಳೆಲ್ಲ ಜಾರಿ, ಒಂದೇ ಖಾತೆ ಉಳಿಯಿತು. ಕೆಂಪು ಗುಂಡಿ ಒತ್ತಿ ಬರೆದೆ. ಅವಳ ಗಂಡನಿಗೆ ಮೆಸೇಜು ಹೋಯಿತು.

ಅಲ್ಲಿಂದ ಮುಂದೆ ಯಾರ ಹೆಸರನ್ನೂ ಕೇಳಲಿಲ್ಲ. ಸಂಜೆ ಗಲ್ಲಾದ ರೊಕ್ಕವನ್ನೂ ಫೋನಿನ ಉದ್ರಿಯನ್ನೂ ಸೊಸೆ ಎರಡೆರಡು ಸಲ ನೋಡಿದಳು. ತಪ್ಪು ಸಿಗಲಿಲ್ಲ. "ನೀವ ಕುಂಡ್ರರಿ ಅತ್ತಿ" ಎಂದು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಗಂಡ ಮುಖ ಸಣ್ಣದು ಮಾಡಿಕೊಂಡು ಬಂದು ಅಂಗಡಿಯ ತಂಬಾಕಿನ ಪೊಟ್ಟಣಕ್ಕೆ ಕೈ ಹಾಕಿದ. "ಹಂಗಾದ್ರ ನನ್ನ ಹೆಸರ ಹೇಳೂದ ಇಲ್ಲ?"

"ಇಲ್ರಿ. ನಂಬರ್ ಹೇಳ್ರಿ," ಎಂದು ಫೋನು ಕೈಗೆತ್ತಿಕೊಂಡೆ. "ಆ ತಂಬಾಕ ನಿಮ್ಮ ಖಾತಿಗೆ ಬರಿಬೇಕು."