ಶಾಂತಲಾ ಹೊಲಿದ ಹತ್ತಿಯ ಹೊಟ್ಟೆ

ಸಿಟ್ಟು ಶಾಂತಲಾಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದೆ, ಮೆಟ್ಟಿಲ ಕೆಳಗಿನ ಸಂದಿಯೊಂದರಲ್ಲಿ ಅವಳ ಹೊಲಿಗೆ ಮಷೀನು. ಅಲ್ಲಿಗೆ ಬ್ಲೌಸ್ ಬಟ್ಟೆ ತಂದವರು ಮೊದಲು ಚೀಟಿಯಲ್ಲಿ ಹೆಸರು ಬರೆದು ಬಟ್ಟೆಗೆ ಪಿನ್ನು ಚುಚ್ಚಬೇಕು. ಹೆಸರಿಲ್ಲದ ಬಟ್ಟೆಯನ್ನು ಅವಳು ಮುಟ್ಟುತ್ತಿರಲಿಲ್ಲ. "ನನ್ನ ಗುರುತಿಲ್ವಾ ಶಾಂತಲಾ, ಎಷ್ಟು ವರ್ಷದಿಂದ ಬರ್ತಿದೀನಿ" ಎಂದು ರಾಗ ಎಳೆದವರಿಗೂ ಚೀಟಿಯನ್ನೇ ಮುಂದೆ ತಳ್ಳುತ್ತಿದ್ದಳು. ಒಮ್ಮೆ ಮದುಮಗಳೊಬ್ಬಳ ಬ್ಲೌಸು ಇನ್ಯಾರದೋ ಮನೆ ಸೇರಿ, ಧಾರೆಯ ಹೊತ್ತಿಗೆ ಹುಡುಗಿ ಅಳುತ್ತ ಕುಳಿತಿದ್ದಳು. ಅದಕ್ಕೆ ಬೈಸಿಕೊಂಡ ಮೇಲೆ ಬಂದ ಕಟ್ಟುನಿಟ್ಟು ಇದು.

ಅವಳು ಹುಳಿಮಾವಿನ ಹಳೇ ಊರಿನ ಸೊಸೆ. ಮಾವ ಹನುಮಯ್ಯ ಆ ಕೇರಿಯಲ್ಲಿ ಎಲ್ಲರಿಗಿಂತ ಮೊದಲು ಬೌದ್ಧ ದೀಕ್ಷೆ ತೆಗೆದುಕೊಂಡವರು. ಗಂಡ ಭೀಮೇಶ್ ಆಟೊ ಓಡಿಸುತ್ತಿದ್ದ. ಎರಡು ಮಕ್ಕಳು, ಎರಡೂ ಸಲೀಸಾದ ಹೆರಿಗೆ. ಸೋರುವ ಶೀಟಿನ ಮನೆಗೆ ತಾರಸಿ ಹಾಕಿಸಬೇಕು ಎಂಬುದೊಂದೇ ಅವಳ ತಲೆಯಲ್ಲಿ ಸದಾ ಕೊರೆಯುತ್ತಿದ್ದದ್ದು.

ಚೂಡಾಮಣಿ ಅವಳ ಹಳೆಯ ಗಿರಾಕಿ. ಕಾಲೇಜಿನಲ್ಲಿ ಪಾಠ ಹೇಳುವವಳು, ಟಿ ಬ್ಲಾಕಿನಲ್ಲಿ ಸ್ವಂತ ಮನೆ. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ರಕ್ತ ನಿಲ್ಲದೆ ಅವಳ ಗರ್ಭಕೋಶವನ್ನೇ ತೆಗೆಯಬೇಕಾಗಿತ್ತು. ಅಂಡಾಶಯಗಳು ಮಾತ್ರ ಉಳಿದಿದ್ದವು. ೨೦೦೫ರಲ್ಲಿ ಒಂದು ಮಧ್ಯಾಹ್ನ ಅಳತೆ ಕೊಡುತ್ತ ನಿಂತವಳು ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. ತನ್ನ ಮತ್ತು ಗಂಡನ ಮಗುವನ್ನು ನೀನು ಹೊತ್ತು ಹೆತ್ತು ಕೊಡುತ್ತೀಯಾ ಎಂದು ಕೇಳಿದಳು. ಶಾಂತಲಾ ಮೊದಲು ರೇಗಿದಳು. ಆಮೇಲೆ ಮನೆಗೆ ಹೋಗಿ ಭೀಮೇಶನ ಜೊತೆ ಕೂತು ಯೋಚಿಸಿದಳು. ದುಡ್ಡಿಗಾಗಿಯೇ ಒಪ್ಪಿದಳು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆ ಅಳು ನೋಡಿ ಕರುಳು ಚುರ್ರೆಂದದ್ದೂ ಸುಳ್ಳಲ್ಲ.

ಕ್ಲಿನಿಕ್ಕಿನ ಡಾಕ್ಟರ್ ವಿಜಯಲಕ್ಷ್ಮಿ ಮೊದಲ ದಿನವೇ ಚೂಡಾಮಣಿಯನ್ನೂ ಭೀಮೇಶನನ್ನೂ ಹೊರಗೆ ಕೂರಿಸಿ, ಶಾಂತಲಾಳೊಬ್ಬಳನ್ನೇ ಒಳಗೆ ಕರೆದರು.

"ಯಾರಾದ್ರೂ ಬಲವಂತ ಮಾಡಿದಾರಾ?"

"ನನ್ನ ಬಲವಂತ ಮಾಡೋರು ಇನ್ನೂ ಹುಟ್ಟಿಲ್ಲ ಮೇಡಂ."

ಡಾಕ್ಟರ್ ನಕ್ಕರು. "ಒಳ್ಳೇದು. ಭ್ರೂಣ ಒಳಗೆ ಹಾಕೋ ಕೊನೇ ನಿಮಿಷದವರೆಗೂ ನೀವು ಬೇಡ ಅನ್ನಬಹುದು, ಯಾರೂ ಕೇಳೋ ಹಾಗಿಲ್ಲ. ಮಗು ಅವರದ್ದು, ಅಂಡಾಣು ನಿಮ್ಮದಲ್ಲ. ಆದ್ರೆ ಒಂಬತ್ತು ತಿಂಗಳು ಮೈ ನಿಮ್ಮದು. ದುಡ್ಡಿನ ಮಾತಿಗೆ ಕ್ಲಿನಿಕ್ ತಲೆ ಹಾಕಲ್ಲ, ಅದಕ್ಕೆ ನಿಮ್ಮದೇ ವಕೀಲರನ್ನ ಇಟ್ಕೊಳಿ. ಕರಾರನ್ನ ಕನ್ನಡದಲ್ಲಿ ಓದಿಸಿ ಕೇಳದೆ ಸೈನ್ ಮಾಡಬೇಡಿ."

ಆಮೇಲೆ ಪರೀಕ್ಷೆಗಳ ಸುಗ್ಗಿ. ಶಾಂತಲಾ, ಭೀಮೇಶ್ ಇಬ್ಬರ ರಕ್ತದಲ್ಲೂ ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್ ಇವೆಯೇ ಎಂದು ನೋಡಿದರು. ಅವಳ ಸಕ್ಕರೆ, ಥೈರಾಯಿಡ್, ಬಿಪಿ ನೋಡಿದರು. ಗರ್ಭಕೋಶದಲ್ಲಿ ಗಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿದರು. ಹಿಂದಿನ ಹೆರಿಗೆಗಳ ಕಥೆಯನ್ನು ಕೆದಕಿ ಕೆದಕಿ ಕೇಳಿದರು. ಎಲ್ಲ ಸರಿಯಿತ್ತು, ಒಂದು ಮಾತು ಬಿಟ್ಟರೆ.

"ನಿಮ್ಮದು ಓ ನೆಗೆಟಿವ್. ಅವರಿಬ್ಬರೂ ಪಾಸಿಟಿವ್, ಮಗೂನೂ ಪಾಸಿಟಿವ್ ಆಗೋದೇ ಹೆಚ್ಚು. ನಿಮ್ಮ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗಿಬೀಳದ ಹಾಗೆ ಏಳನೇ ತಿಂಗಳಲ್ಲಿ ಒಂದು ಇಂಜೆಕ್ಷನ್, ಹೆರಿಗೆ ಆದ್ಮೇಲೆ ಇನ್ನೊಂದು. ಹೆರಿಗೆ ಹೊತ್ತಿಗೆ ನಿಮ್ಮ ಗುಂಪಿನ ರಕ್ತ ಮೊದಲೇ ಹೇಳಿಟ್ಟಿರಬೇಕು, ಅದು ಸುಲಭಕ್ಕೆ ಸಿಗಲ್ಲ" ಎಂದು ಡಾಕ್ಟರ್ ಅವಳಿಗೂ ಹೇಳಿದರು, ಚೂಡಾಮಣಿಗೂ ಹೇಳಿದರು.

ಚೂಡಾಮಣಿಗೆ ಅಂಡಾಣು ಬೆಳೆಸುವ ಸೂಜಿಗಳು. ಇತ್ತ ಶಾಂತಲಾಳ ಗರ್ಭಕೋಶದ ಒಳಪದರ ದಪ್ಪವಾಗಲೆಂದು ಮಾತ್ರೆಗಳು. ಭ್ರೂಣ ಹಾಕುವ ಮುನ್ನ ಎಚ್‌ಐವಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರು. ಆ ದಿನ ನೀರು ಕುಡಿಸಿ ಕುಡಿಸಿ ಮೂತ್ರಕೋಶ ತುಂಬಿಸಿದ್ದರು, ಸ್ಕ್ಯಾನಿನಲ್ಲಿ ಗರ್ಭಕೋಶ ಚೆನ್ನಾಗಿ ಕಾಣಬೇಕಲ್ಲ. ಮಂಪರಿನ ಔಷಧ ಕೊಡಲಿಲ್ಲ. ಲ್ಯಾಬಿನವರು ಎರಡು ಭ್ರೂಣಗಳನ್ನು ತೆಳ್ಳನೆಯ ಮೆತ್ತನೆಯ ನಳಿಕೆಯಲ್ಲಿ ತಂದು ಕೊಟ್ಟರು. ಮೂರು ಹಾಕಿ ಎಂದು ಚೂಡಾಮಣಿಯ ಗಂಡ ಗೋಗರೆದಿದ್ದ. "ಹೊರೋರು ನೀವಲ್ಲ" ಎಂದು ಡಾಕ್ಟರ್ ಅವನ ಬಾಯಿ ಮುಚ್ಚಿಸಿದ್ದರು. ಪರದೆಯ ಮೇಲೆ ಸಣ್ಣದೊಂದು ಬಿಳಿ ಚುಕ್ಕಿ ಜಾರಿದ್ದು ಕಂಡಿತು. ನಳಿಕೆಯಲ್ಲಿ ಏನೂ ಉಳಿದಿಲ್ಲ ಎಂದು ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರೆಗೂ ಅವಳನ್ನು ಏಳಗೊಡಲಿಲ್ಲ. ಎರಡು ವಾರದ ನಂತರದ ರಕ್ತಪರೀಕ್ಷೆ ಬಸಿರು ಎಂದಿತು. ಒಂದೇ ಮಗು ನಿಂತಿತ್ತು. ಬಸಿರು ಜಾರದಿರಲೆಂದು ಮೂರನೇ ತಿಂಗಳು ಕಳೆಯುವವರೆಗೂ ಸೊಂಟದ ಕೆಳಗೆ ದಿನವೂ ಎಣ್ಣೆಯಂಥ ಔಷಧದ ಸೂಜಿ. ಚುಚ್ಚಿದಲ್ಲೆಲ್ಲ ಗಂಟು ಕಟ್ಟಿ, ಮಗ್ಗುಲಾಗಿ ಮಲಗುವುದಕ್ಕೂ ಆಗುತ್ತಿರಲಿಲ್ಲ.

ಹುಳಿಮಾವಿನಲ್ಲಿ ನೆರೆಹೊರೆಯವರ ಬಾಯಿಗೆ ಬೀಳುವುದು ಬೇಡವೆಂದು ಸಂಸಾರವೇ ಬಿಟಿಎಂನ ಬಾಡಿಗೆ ಮನೆಗೆ ಬಂತು. ಮಷೀನೂ ಜೊತೆಗೆ ಬಂತು. ಚೂಡಾಮಣಿಯ ಅತ್ತೆ ಅಮ್ಮಣ್ಣಿಯವರಿಗೆ ಇದಾವುದೂ ಗೊತ್ತಿರಲಿಲ್ಲ, ಗೊತ್ತಾಗಲೂಬಾರದಿತ್ತು. ಸೊಸೆಗೆ ಗರ್ಭಕೋಶ ಇಲ್ಲ ಎನ್ನುವುದನ್ನೇ ಮಗ ಅವರಿಂದ ಬಚ್ಚಿಟ್ಟಿದ್ದ. ಇನ್ನು ವಂಶದ ಕುಡಿ ಯಾವ ಕೇರಿಯ ಹೆಂಗಸಿನ ಹೊಟ್ಟೆಯಲ್ಲಿ ಬೆಳೆಯುತ್ತಿದೆ ಎಂದು ಹೇಳುವುದುಂಟೇ. ಹಾಗಾಗಿ ಚೂಡಾಮಣಿಗೆ ಸೀರೆಯೊಳಗೆ ಕಟ್ಟಿಕೊಳ್ಳಲು ಒಂದು ಹೊಟ್ಟೆ ಬೇಕಾಯಿತು. ಅದನ್ನು ಯಾರ ಹತ್ತಿರ ಹೊಲಿಸಿದಳು ಅಂತೀರಿ? ಶಾಂತಲಾಳ ಹತ್ತಿರವೇ. ತನ್ನ ನಿಜವಾದ ಹೊಟ್ಟೆಯನ್ನು ಮಷೀನಿಗೆ ಒತ್ತಿಕೊಂಡು ಶಾಂತಲಾ ಇನ್ನೊಬ್ಬಳಿಗೆ ಹತ್ತಿಯ ಹೊಟ್ಟೆ ಹೊಲಿದುಕೊಟ್ಟಳು. ಹೊಲಿಯುವಾಗ ಹಲ್ಲು ಕಚ್ಚಿಕೊಂಡೇ ಇದ್ದಳು.

ಮೂರು ತಿಂಗಳ ನಂತರದ ತಪಾಸಣೆಗೆ ಚೂಡಾಮಣಿ ಜೆಪಿ ನಗರದ ಒಂದು ನರ್ಸಿಂಗ್ ಹೋಮ್ ಗೊತ್ತುಮಾಡಿದ್ದಳು. ಕೌಂಟರಿನ ಕೆಲಸವೆಲ್ಲ ಅವಳದೇ. ಶಾಂತಲಾ ಬಾಡಿಗೆ ತಾಯಿ ಎಂದು ಡಾಕ್ಟರ್ ವಿಜಯಲಕ್ಷ್ಮಿ ಬರೆದುಕೊಟ್ಟ ಪತ್ರ ಅವಳ ಕೈಚೀಲದಲ್ಲೇ ಉಳಿದಿತ್ತು. ಮೊದಲ ದಿನ ನರ್ಸು "ಚೂಡಾಮಣಿ" ಎಂದು ಕೂಗಿದಾಗ, ಪಕ್ಕದಲ್ಲಿದ್ದ ಚೂಡಾಮಣಿ ಶಾಂತಲಾಳ ಮೊಣಕೈ ತಿವಿದು "ನಿನ್ನನ್ನೇ, ಹೋಗು" ಎಂದಳು. ಒಳಗೆ ಹೋಗಿಬಂದ ಶಾಂತಲಾ ಕೆರಳಿ ಕೇಳಿದಳು.

"ಇದೇನು ಮೇಡಂ ನಾಟಕ?"

"ಬರ್ತ್ ಸರ್ಟಿಫಿಕೇಟಲ್ಲಿ ನನ್ನ ಹೆಸರು ಬರಬೇಕಲ್ಲ. ಹೆಸರು ತಾನೇ, ನಿಂಗೇನು ಕಷ್ಟ?"

ಕಷ್ಟ ಏನೆಂದು ಆಗ ಅವಳಿಗೂ ಹೊಳೆಯಲಿಲ್ಲ. ಮುಂದಿನ ಸಲವೂ ಆ ಹೆಸರಿಗೇ ಎದ್ದು ಒಳಗೆ ಹೋದಳು.

ಏಳನೇ ತಿಂಗಳಲ್ಲಿ ಚೂಡಾಮಣಿಯ ಸೀಮಂತ ನಿಗದಿಯಾಯಿತು. ಹತ್ತಿಯ ಹೊಟ್ಟೆಯನ್ನು ದೊಡ್ಡದು ಮಾಡಲು ಬಿಟಿಎಂಗೆ ತಂದುಕೊಟ್ಟು, ಅಲ್ಲಿಯವರೆಗೆ ದಿಂಬು ಕಟ್ಟಿಕೊಂಡು ಹೋದಳು. ಆ ವಾರವೇ ತಪಾಸಣೆಯಿತ್ತು, ಸೀಮಂತದ ಓಡಾಟದಲ್ಲಿ ಚೂಡಾಮಣಿ ಬರಲಿಲ್ಲ. ಶಾಂತಲಾ ಭೀಮೇಶನ ಆಟೊದಲ್ಲಿ ಒಬ್ಬಳೇ ಹೋದಳು.

"ಸಿಸ್ಟರ್, ನಂಗೆ ನೆಗೆಟಿವ್ ಇಂಜೆಕ್ಷನ್ ಹಾಕ್ಬೇಕು ಅಂದಿದ್ರು."

ನರ್ಸು ಫೈಲು ತಿರುಗಿಸಿದಳು. "ನಿಮ್ಮದು ಬಿ ಪಾಸಿಟಿವ್ ಅಲ್ವಾ ಚೂಡಾಮಣಿ? ನಿಮಗ್ಯಾಕೆ ಅದು?"

ಶಾಂತಲಾ ಫೈಲನ್ನು ತನ್ನತ್ತ ಎಳೆದುಕೊಂಡು ನೋಡಿದಳು. ಟೆಸ್ಟೆಲ್ಲ ಕ್ಲಿನಿಕ್ಕಿನಲ್ಲೇ ಆಗಿದೆ ಎಂದು ಹೇಳಿ ಚೂಡಾಮಣಿ ತನ್ನದೇ ಹಳೆಯ ರಿಪೋರ್ಟುಗಳನ್ನು ಆ ಫೈಲಿಗೆ ಸೇರಿಸಿದ್ದಳು. ಹೆಸರು ಅವಳದು, ರಕ್ತವೂ ಅವಳದು. ಸೂಜಿ ಚುಚ್ಚುವುದು, ಹೆರಿಗೆ ಮಾಡಿಸುವುದು, ರಕ್ತ ಸುರಿದರೆ ರಕ್ತ ಕೊಡುವುದು ಮಾತ್ರ ಶಾಂತಲಾಳಿಗೆ. ತನ್ನ ಎರಡು ಮಕ್ಕಳ ಮುಖ ಕಣ್ಣ ಮುಂದೆ ಬಂದು, ಅವಳು ಇಂಜೆಕ್ಷನ್ ಇಲ್ಲದೆಯೇ ಆಟೊ ಹತ್ತಿದಳು.

ಮರುದಿನ ಬೆಳಿಗ್ಗೆ ಚೂಡಾಮಣಿ ಹೊಟ್ಟೆ ಒಯ್ಯಲು ಬಂದಳು. ಟಿ ಬ್ಲಾಕಿನ ಮನೆಯಲ್ಲಿ ಚಪ್ಪರ ಎದ್ದಾಗಿತ್ತು, ಸಂಜೆ ಆರತಿ. ಶಾಂತಲಾ ಮಷೀನಿನ ಮೇಲೆ ಹತ್ತಿಯ ಹೊಟ್ಟೆಯ ಹೊಲಿಗೆ ಬಿಚ್ಚಿ ಹರವಿಕೊಂಡು ಕೂತಿದ್ದಳು, ಕೈಯಲ್ಲಿ ಕತ್ತರಿ.

"ಇನ್ನೂ ಆಗಿಲ್ವಾ?"

"ಆಗಲ್ಲ. ಮೊದ್ಲು ಜೆಪಿ ನಗರಕ್ಕೆ ನಡೀರಿ. ಆ ಫೈಲಲ್ಲಿ ನನ್ನ ಹೆಸರು ಬರೀಬೇಕು, ನನ್ನ ರಕ್ತ ಬರೀಬೇಕು. ಆಮೇಲೆ ಹೊಲೀತೀನಿ."

"ಇವತ್ತಾ? ನಾಳೆ ನೋಡೋಣ ಶಾಂತಲಾ. ಬೇಕಾದ್ರೆ ಇನ್ನೂ ಸ್ವಲ್ಪ ದುಡ್ಡು..."

ಶಾಂತಲಾ ಕತ್ತರಿಯನ್ನು ಮಷೀನಿನ ಮೇಲೆ ಕುಕ್ಕಿದಳು. "ದುಡ್ಡಿನ ಮಾತು ಎತ್ತಿದ್ರೆ ನಾನು ಮನುಷ್ಯಳಾಗಿರಲ್ಲ. ರಕ್ತ ಹೋಗಿ ಸಾಯೋ ಹಾಗಾಗಿದ್ದು ನಿಮಗೇ ಅಲ್ವಾ? ಅವತ್ತು ನಿಮ್ಮ ಕೈಗೆ ಬೇರೆ ಯಾರದ್ದೋ ಗುಂಪಿನ ರಕ್ತ ಏರಿಸಿದ್ರೆ ಇವತ್ತು ಸೀಮಂತ ಮಾಡ್ಕೊಳೋಕೆ ನೀವಿರ್ತಿದ್ರಾ? ನನ್ನ ಹೊಟ್ಟೆ ಆಗುತ್ತೆ, ಹೆಸರು ಆಗಲ್ಲ ಅಲ್ವಾ ನಿಮಗೆ."

ಚೂಡಾಮಣಿ ಗೋಡೆಗೆ ಒರಗಿದಳು. "ಅಷ್ಟು ಯೋಚನೆ ಮಾಡಿರ್ಲಿಲ್ಲ. ನಿಜವಾಗ್ಲೂ ಮಾಡಿರ್ಲಿಲ್ಲ" ಎಂದಳು. ಅದು ನಿಜವೇ ಇರಬೇಕು. ಆದರೆ ನನ್ನನ್ನು ಕೇಳಿದರೆ, ಆ ಯೋಚನೆ ಬಾರದೇ ಹೋದದ್ದೇ ದೊಡ್ಡ ತಪ್ಪು.

ಭೀಮೇಶ್ ಅಷ್ಟರಲ್ಲಿ ಡಾಕ್ಟರ್ ವಿಜಯಲಕ್ಷ್ಮಿಗೆ ಫೋನು ಹಚ್ಚಿ ಚೂಡಾಮಣಿಯ ಕೈಗೆ ಕೊಟ್ಟ. ಡಾಕ್ಟರ ದನಿ ಹೊಸ್ತಿಲವರೆಗೂ ಕೇಳುತ್ತಿತ್ತು.

"ಹೊರೋರು ಅವರದೇ ಹೆಸರಲ್ಲಿ, ಸರೋಗೇಟ್ ಅಂತಾನೇ ದಾಖಲಾಗಬೇಕು ಅಂತ ನಿಯಮಾವಳೀಲೇ ಇದೆ, ನಿಮ್ಮ ಕರಾರಲ್ಲೂ ಇದೆ. ಮಗುವಿನ ಸರ್ಟಿಫಿಕೇಟಿಗೆ ನಿಮ್ಮ ಹೆಸರು ಬರೋಕೆ ಕರಾರು, ನನ್ನ ಪತ್ರ ಇದೆಯಲ್ಲ, ಅದಕ್ಕೆ ಈ ಕಳ್ಳಾಟ ಯಾಕೆ? ತಪ್ಪು ಗುಂಪು ಬ್ಲಡ್ ಬ್ಯಾಂಕಲ್ಲಿ ಗೊತ್ತಾಗ್ಬಹುದು. ಆದ್ರೆ ಅಷ್ಟೊತ್ತಿಗೆ ಓ ನೆಗೆಟಿವ್ ಎಲ್ಲಿಂದ ತರ್ತೀರಿ? ನಾನೇ ಅಲ್ಲಿಗೆ ಬರ್ತೀನಿ, ಹೊರಡಿ."

ಭೀಮೇಶನ ಆಟೊದಲ್ಲಿ ಇಬ್ಬರೂ ಹೋದರು. ಕೌಂಟರಿನ ಮುಂದೆ ಚೂಡಾಮಣಿ ತಲೆ ತಗ್ಗಿಸಿ, ಫೈಲು ತನ್ನದು, ಬಸುರಿ ಇವಳು ಎಂದು ಹೇಳಬೇಕಾಯಿತು. ನರ್ಸಿಂಗ್ ಹೋಮಿನವರು ಬೈದರು, ಡಾಕ್ಟರ್ ವಿಜಯಲಕ್ಷ್ಮಿ ನರ್ಸಿಂಗ್ ಹೋಮಿನವರನ್ನೂ ಬೈದರು. ಹೊಸ ಫೈಲು ಬಂತು. ಶಾಂತಲಾಳ ರಕ್ತ ತೆಗೆದು, ಪಾಸಿಟಿವ್ ರಕ್ತದ ವಿರುದ್ಧ ಅದರಲ್ಲಿ ಏನೂ ಹುಟ್ಟಿಲ್ಲವೆಂದು ನೋಡಿಕೊಂಡು ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದ ಶಾಂತಲಾ ಕೊಟ್ಟ ಮಾತಿನಂತೆ ಹತ್ತಿ ತುಂಬಿ ಹೊಟ್ಟೆ ಹೊಲಿದು ಚೂಡಾಮಣಿಯ ಮುಂದೆ ಎಸೆದಳು. ಸಂಜೆ ಟಿ ಬ್ಲಾಕಿನಲ್ಲಿ ಆ ಹೊಟ್ಟೆಗೆ ಆರತಿಯಾಯಿತು.

ಹೆರಿಗೆ ಸಲೀಸಾಗಿಯೇ ಆಯಿತು, ಹೆಣ್ಣುಮಗು. ಆದರೆ ಆಮೇಲೆ ಗರ್ಭಕೋಶ ಬಿಗಿಯಲಿಲ್ಲ, ರಕ್ತ ಹರಿಯತೊಡಗಿತು. ಹೇಳಿಟ್ಟಿದ್ದ ಓ ನೆಗೆಟಿವ್ ಬಾಟಲಿ ತಂದ ನರ್ಸುಗಳಿಬ್ಬರು, ಏರಿಸುವ ಮುನ್ನ, ಮಂಚದ ಪಕ್ಕ ನಿಂತು ಕೇಳಿದರು.

"ನಿಮ್ಮ ಹೆಸರು ಹೇಳಿ."

"ಶಾಂತಲಾ" ಎಂದಳು, ಕಣ್ಣು ಮುಚ್ಚಿ ಹೋಗುತ್ತಿದ್ದರೂ. ಬಾಗಿಲಲ್ಲಿ ಮಗುವನ್ನು ಅವುಚಿಕೊಂಡು ನಿಂತಿದ್ದ ಚೂಡಾಮಣಿಗೂ ಅದು ಕೇಳಿಸಿತು.

ಹುಳಿಮಾವಿನ ಮನೆಗೆ ತಾರಸಿ ಬಿತ್ತು. ಶಾಂತಲಾ ಮತ್ತೆ ಮೆಟ್ಟಿಲ ಕೆಳಗೆ ಬಂದು ಕೂತಳು. ಚೂಡಾಮಣಿ ಆ ಕಡೆ ಸುಳಿಯಲಿಲ್ಲ. ೨೦೦೯ರ ಯುಗಾದಿಗೆ ಮುಂಚೆ ಒಂದು ದಿನ, ಮೂರು ವರ್ಷದ ಹುಡುಗಿಯ ಕೈ ಹಿಡಿದುಕೊಂಡು, ಜರಿಯ ಬಟ್ಟೆ ತಂದಳು. ಲಂಗಕ್ಕೆ. ಶಾಂತಲಾ ಮಗುವಿನ ಸೊಂಟಕ್ಕೆ ಟೇಪು ಸುತ್ತಿದಳು. ಮಗು ಅವಳ ಮುಖವನ್ನೇ ದಿಟ್ಟಿಸಿತು.

"ಅಮ್ಮ, ಇವರು ಯಾರು?"

"ಟೈಲರ್ ಆಂಟಿ ಪುಟ್ಟಿ, ಸುಮ್ನೆ ನಿಂತ್ಕೊ" ಎಂದಳು ಚೂಡಾಮಣಿ ಅವಸರದಲ್ಲಿ.

ಶಾಂತಲಾಳ ಮೂಗಿನ ತುದಿ ಕೆಂಪಾಯಿತು. ಚೀಟಿಯನ್ನೂ ಪೆನ್ನನ್ನೂ ಚೂಡಾಮಣಿಯ ಮುಂದೆ ತಳ್ಳಿದಳು. ಮಗುವಿನ ಎದುರು ಮಂಡಿಯೂರಿ ಕೂತು, ಟೇಪು ಬಿಡಿಸಿಕೊಳ್ಳುತ್ತ ಹೇಳಿದಳು.

"ಶಾಂತಲಾ ಅಂತ ಕಂದಾ, ನನ್ನ ಹೆಸರು."