ಹಸಿರು ಚೀಟಿ ಕೊಡಿಸಿದ ರಜೆ

ದಾವಣಗೆರೆಯ ನಮ್ಮ ಆಫೀಸು ಅಕ್ಕಿ ಗಿರಣಿಗಳ ತೂಕದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತದೆ. ಯಾವ ಕೆಲಸ ಒಬ್ಬರಿಗೆ ಮಾತ್ರ ಬರುತ್ತದೆ ಎಂದು ಹುಡುಕಿ ಬೋರ್ಡಿಗೆ ಚೀಟಿ ಅಂಟಿಸುವುದು ನನ್ನ ಜವಾಬ್ದಾರಿ. ಒಬ್ಬರಿಗಷ್ಟೇ ಬಂದರೆ ಕೆಂಪು, ಇನ್ನೊಬ್ಬರೂ ಕಲಿತರೆ ಹಸಿರು. “ನಾಳೆ ಯಾರು ಬರ್ಲಿಲ್ಲ ಅಂದ್ರೆ ಯಾವ ಕೆಲಸ ನಿಲ್ತೈತೆ?” ಎಂದು ಎಲ್ಲರನ್ನೂ ಕೇಳಿದೆ. ಹರಿಹರದಿಂದ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯ ಹೆಸರೇ ಹೆಚ್ಚು ಬಂತು. ಕೆಟ್ಟ ಕಂಪ್ಯೂಟರಿನ ಬದಲು ಹೊಸದನ್ನು ಕೂರಿಸಿ ಲೆಕ್ಕ ಮರಳಿ ತರುವ ಕೆಲಸ ಆಕೆಯೊಬ್ಬಳದೇ ಆಗಿತ್ತು.

ಬೋರ್ಡ್ ನೋಡಿ ಮಾಲೀಕರಿಗೆ ಉಮೇದು ಬಂತು. ಕೆಂಪು ಚೀಟಿ ಇದ್ದವರಿಗೆ ರಜೆ ಇಲ್ಲ ಎಂದು ಬೋರ್ಡಿನ ಮೇಲ್ತುದಿಯಲ್ಲೇ ಬರೆಸಿದರು. ನನಗೆ ಮೈಯೆಲ್ಲ ಉರಿಯಿತು. ಅಪಾಯ ಕಣ್ಣಿಗೆ ಬೀಳಲಿ ಎಂದು ಹಾಕಿದ ಬೋರ್ಡು ಕೆಲಸ ಬಲ್ಲವರಿಗೇ ಶಿಕ್ಷೆಯಾಯಿತು. ಎಷ್ಟು ವಾದಿಸಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಆಕೆಯ ತಾಯಿಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಪಕ್ಕದ ಮೇಜಿನ ಕಿರಿಯ ಸಹೋದ್ಯೋಗಿ ನನ್ನ ಬಳಿ ಬಂದ.

“ಅಕ್ಕನ ಕೆಲ್ಸ ನಂಗೂ ಬರ್ತೈತೆ ಸರ್. ಹಸಿರು ಹಚ್ಚಿಬಿಡ್ರಿ.”

“ಒಬ್ನೇ ಮಾಡಿ ತೋರ್ಸಿದೀಯಾ?”

“ಹೂಂ ಸರ್, ಮಾಡೀನಿ.”

ಚೀಟಿ ಹಸಿರಾಯಿತು, ಆಕೆಗೆ ರಜೆ ಸಿಕ್ಕಿತು.

ಆಪರೇಷನ್ನಿನ ದಿನವೇ ಮಲೆಬೆನ್ನೂರಿನ ಗಿರಣಿಯ ಕಂಪ್ಯೂಟರ್ ಕೈಕೊಟ್ಟಿತು. ಭತ್ತದ ಟ್ರ್ಯಾಕ್ಟರುಗಳು ರಸ್ತೆವರೆಗೂ ನಿಂತಿದ್ದವು. ಅವನು ಹೋಗಿ ಹಳೇ ಲೆಕ್ಕವನ್ನೇನೋ ಹೊಸ ಯಂತ್ರಕ್ಕೆ ತಂದ. ಆದರೆ ತೂಕದ ಅಂಕಿ ಪರದೆಗೆ ಬರಲೇ ಇಲ್ಲ. ಆ ಗಿರಣಿಯ ತೂಕದ ಮೀಟರು ಹಳೆಯದು, ಅದಕ್ಕೆ ಬೇರೆಯೇ ಸೆಟ್ಟಿಂಗ್ ಬೇಕು. ಅವನು ನನಗೆ ಫೋನು ಮಾಡಿದ. “ಸರ್, ಅಕ್ಕ ಮಾಡೋದನ್ನ ನೋಡಿದ್ದೆ ಅಷ್ಟೇ. ಪಾಪ, ಅಕ್ಕಂಗೆ ರಜೆ ಸಿಗ್ಲಿ ಅಂತ ಹಂಗಂದೆ.”

ನಾನು ಬೇಡವೆಂದರೂ ಮಾಲೀಕರು ಆಸ್ಪತ್ರೆಯಲ್ಲಿದ್ದ ಆಕೆಗೇ ಫೋನು ಹಚ್ಚಿಸಿದರು. ವಾರ್ಡಿನಲ್ಲಿ ಸಿಗ್ನಲ್ ಸಿಗದೆ ಆಕೆ ಮೆಟ್ಟಿಲಿಳಿದು ಹೊರಗೆ ನಿಂತು ಅವನಿಗೆ ಒಂದೊಂದನ್ನೇ ಹೇಳಿಕೊಟ್ಟಳು. ತೂಕ ಬಂತು, ಟ್ರ್ಯಾಕ್ಟರುಗಳು ಮುಂದೆ ಸರಿದವು.

ಮರಳಿ ಕೆಲಸಕ್ಕೆ ಬಂದವಳನ್ನು ತಾಯಿ ಹೇಗಿದ್ದಾರೆಂದು ಕೇಳಿದೆ.

“ಆರಾಮದಾರೆ ಸರ್. ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗೋವಾಗ ನಾನೆಲ್ಲಿ ಅಂತ ಬಾಳ ಹುಡುಕಿದ್ರಂತೆ. ನಾನು ಫೋನಲ್ಲಿದ್ದೆ.”

ಆಕೆಯೇ ಎದ್ದು ಹಸಿರು ಚೀಟಿ ಕಿತ್ತು ಕೆಂಪು ಅಂಟಿಸಿದಳು. ಆ ಹುಡುಗ ಒಬ್ಬನೇ ಮಾಡಿ ತೋರಿಸುವವರೆಗೆ ಅದು ಕೆಂಪೇ ಇರಲೆಂದಳು. ರಜೆ ಇಲ್ಲವೆಂದು ಮಾಲೀಕರು ಬರೆಸಿದ್ದ ಸಾಲನ್ನು ನಾನು ಒರೆಸಿದೆ. ಸಂಜೆಯೊಳಗೆ ಅವರು ಅದನ್ನು ಮತ್ತೆ ಬರೆಸಿದರು.

ಹೊಲಿಗೆ ಬಿಚ್ಚಿಸಲು ತಾಯಿಯನ್ನು ಪಕ್ಕದ ಮನೆಯವರು ಕರೆದುಕೊಂಡು ಹೋದರು. ಆಕೆ ರಜೆಯನ್ನೇ ಕೇಳಲಿಲ್ಲ.